ರವಿ ಮೋಹನನಾಗುವಾಗ

ಕಾದಂಬರಿ ಮುಗಿದ ಮೇಲೆ ನಾಯಕ ರವಿಯ ಹೆಸರು ಮೋಹನ ಆಗಲಿ ಎನಿಸಿತು ಎನ್ನಿ. ಕಂಪ್ಯೂಟರಿನಲ್ಲಿ ‘ರವಿ’ ಹುಡುಕಿ ಒಂದೇ ಏಟಿಗೆ ‘ಮೋಹನ’ ಹಾಕಿದರೆ ‘ರವಿಯನ್ನು’ ಎಂಬುದು ‘ಮೋಹನಯನ್ನು’ ಆಗುತ್ತದೆ. ಅಷ್ಟೇ ಅಲ್ಲ, ‘ಗೌರವಿಸಿದರು’ ಹೋಗಿ ‘ಗೌಮೋಹನಸಿದರು’ ಬಂದು ಕೂರುತ್ತದೆ. ರವಿಕೆಯ ಗತಿ ಹೇಳುವುದೇ ಬೇಡ!

ಕಾರಣ ವ್ಯಾಕರಣದಲ್ಲಿದೆ. ಇಕಾರಾಂತ ಹೆಸರಿಗೆ ವಿಭಕ್ತಿ ಸೇರುವಾಗ ನಡುವೆ ‘ಯ’ ಬರುತ್ತದೆ, ಅಕಾರಾಂತ ಪುರುಷನಾಮಕ್ಕೆ ‘ನ’ ಬರುತ್ತದೆ. ಹಾಗಾಗಿ ಮೊದಲು ‘ರವಿಯ’ ಹುಡುಕಿ ‘ಮೋಹನನ’ ಹಾಕಬೇಕು. ಯೂನಿಕೋಡ್‌ನಲ್ಲಿ ಸ್ವರಚಿಹ್ನೆ ವ್ಯಂಜನದ ನಂತರ ಬೇರೆಯಾಗಿಯೇ ಉಳಿಯುವುದರಿಂದ ‘ರವಿಯನ್ನು’, ‘ರವಿಯಿಂದ’, ‘ರವಿಯೊಂದಿಗೆ’ ಮೂರೂ ಇದರಲ್ಲೇ ಸರಿಹೋಗುತ್ತವೆ. ಆಮೇಲೆ ‘ರವಿಗ’ ಇದ್ದಲ್ಲಿ ‘ಮೋಹನನಿಗ’ ಹಾಕಿದರೆ ‘ರವಿಗೆ’, ‘ರವಿಗೂ’, ‘ರವಿಗಿಂತ’ ಮುಗಿದವು. ಹಳೆಯ, ಯೂನಿಕೋಡ್ ಅಲ್ಲದ ಕಡತವಾದರೆ ಈ ಉಪಾಯ ನಡೆಯದು; ಮೊದಲು ಪರಿವರ್ತಿಸಿಕೊಳ್ಳಬೇಕು.

ಕೊನೆಗೆ ಉಳಿದ ಬರಿಯ ‘ರವಿ’ಯನ್ನು ಮಾತ್ರ ಒಂದೊಂದಾಗಿ ನೋಡಿ ಬದಲಿಸಿ. ಗೌರವಿಸು, ರವಿಕೆ, ರವಿವಾರ ಸಿಕ್ಕಿಬೀಳುವುದು ಇಲ್ಲೇ. ಭೈರವಿ ರಾಗದ ಪ್ರಸಂಗವಿದ್ದರೆ ಮೊದಲ ಸುತ್ತಿನಿಂದಲೇ ಎಚ್ಚರ ಬೇಕು, ಏಕೆಂದರೆ ‘ಭೈರವಿಯ’ ಒಳಗೂ ‘ರವಿಯ’ ಇದೆ.

ಯಂತ್ರಕ್ಕೆ ಕಾಣದವೂ ಇವೆ. ‘ರವೀ, ಬಾರೋ’ ಎಂಬ ಕೂಗಿನಲ್ಲಿ ದೀರ್ಘ ಇರುವುದರಿಂದ ಅದು ಹಾಗೇ ಉಳಿಯುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೋಸದ್ದು ‘ರವಿಯಣ್ಣ’. ಅದು ‘ಮೋಹನನಣ್ಣ’ ಆಗುತ್ತದೆ. ಕಾಗುಣಿತ ತಪ್ಪಿಲ್ಲ, ಆದರೆ ನಾಯಕನಿಗೆ ಇಲ್ಲದ ಅಣ್ಣನೊಬ್ಬ ಹುಟ್ಟಿಕೊಂಡಿರುತ್ತಾನೆ. ಹಾಗಾಗಿ ‘ಮೋಹನನಣ್ಣ’ ಎಂದು ಇನ್ನೊಮ್ಮೆ ಹುಡುಕಿಯೇ ಹಸ್ತಪ್ರತಿಯನ್ನು ಪ್ರಕಾಶಕರಿಗೆ ಕಳಿಸಿ.