ಅದೇ ಕನ್ನಡಕ, ಅದೇ ಪುಟ: ಸುದ್ದಿ ಕಾಣುತ್ತದೆ, ಜಾಹೀರಾತು ಏಕೆ ಕಾಣದು?

ಓದುಗರೊಬ್ಬರು ಕೇಳಿದ್ದಾರೆ: ‘ತಂದೆಯವರಿಗೆ ಎಪ್ಪತ್ತೆಂಟು. ಹೊಸ ಕನ್ನಡಕದಲ್ಲಿ ಮೊಬೈಲಿನ ಸುದ್ದಿ ಸರಾಗವಾಗಿ ಓದುತ್ತಾರೆ. ಅದರ ಪಕ್ಕದಲ್ಲೇ ಬರುವ ಜಾಹೀರಾತಿನ ಷರತ್ತು ಮಾತ್ರ ಕಾಣುವುದಿಲ್ಲ ಎನ್ನುತ್ತಾರೆ. ಕನ್ನಡಕ ಬದಲಿಸಬೇಕೇ?’

ಬೇಡ. ದೋಷ ಜಾಹೀರಾತಿನದು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಪಾಪೆ ಕಿರಿದಾಗುತ್ತದೆ. ಅರವತ್ತರ ಹೊತ್ತಿಗೆ ರೆಟಿನಾ ತಲುಪುವ ಬೆಳಕು ಇಪ್ಪತ್ತರ ಹರೆಯದಲ್ಲಿ ತಲುಪುತ್ತಿದ್ದುದರ ಮೂರನೇ ಒಂದು ಭಾಗದಷ್ಟೇ. ಬಂದ ಬೆಳಕೂ ಮಸೂರದೊಳಗೆ ಚದುರುತ್ತದೆ. ಮಂಜು ಹಿಡಿದ ಕಿಟಕಿಯಲ್ಲಿ ನೋಡಿದಂತೆ ಅಕ್ಷರ ಮತ್ತು ಹಿನ್ನೆಲೆ ಒಂದರೊಳಗೊಂದು ಕಲೆಯುತ್ತವೆ. ಕನ್ನಡಕ ಫೋಕಸ್ ಸರಿಪಡಿಸಬಲ್ಲದು, ಈ ಕಾಂಟ್ರಾಸ್ಟ್ ನಷ್ಟವನ್ನಲ್ಲ.

ಕಾಂಟ್ರಾಸ್ಟ್ ಅಳೆಯಲು ಸರಳ ಲೆಕ್ಕವಿದೆ. ಎರಡು ಬಣ್ಣಗಳ ಹೊಳಪನ್ನು 0ಯಿಂದ 1ರೊಳಗೆ ಗುರುತಿಸಿ, ಎರಡಕ್ಕೂ 0.05 ಕೂಡಿಸಿ (ಸುತ್ತಲಿನ ಬೆಳಕಿನ ಲೆಕ್ಕಕ್ಕೆ), ದೊಡ್ಡದನ್ನು ಚಿಕ್ಕದರಿಂದ ಭಾಗಿಸಬೇಕು. ಬಿಳಿಯ ಮೇಲೆ ಕಪ್ಪಿಗೆ 21 ಬರುತ್ತದೆ. ವೆಬ್ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2008ರಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಎಂದು ನಿಗದಿಪಡಿಸಿತು. ಇದು ಅಂದಾಜಿಗೆ ಹೇಳಿದ ಅಂಕಿಯಲ್ಲ. ಸರಿಯಾದ ದೃಷ್ಟಿಯವರಿಗೆ 3 ಸಾಕು. ಎಂಬತ್ತರ ಆಸುಪಾಸಿನವರ ದೃಷ್ಟಿಗೆ ಅದರ ಒಂದೂವರೆ ಪಟ್ಟು ಬೇಕು. ದಪ್ಪ, ದೊಡ್ಡ ಅಕ್ಷರಕ್ಕೆ 3 ನಡೆಯುತ್ತದೆ.

ಈಗ ನಮ್ಮವರಿಗೆ ಬಹಳ ಪ್ರಿಯವಾದ ಕೆಂಪು-ಹಳದಿ ಜೋಡಿಯನ್ನು ತೆಗೆದುಕೊಳ್ಳೋಣ. ಅಚ್ಚ ಕೆಂಪಿನ ಹೊಳಪು ಸುಮಾರು 0.21, ಹಳದಿಯದು 0.93. ಕೆಂಪಿನ ಮೇಲೆ ಹಳದಿ ಬರೆದರೆ ಸಿಗುವುದು 3.7. ಹಾಗಾಗಿ ‘50% ರಿಯಾಯಿತಿ’ ಎಂಬ ದಪ್ಪ ತಲೆಬರಹ ಕಾಣುತ್ತದೆ, ಅದೇ ಬಣ್ಣದಲ್ಲಿ ಕೆಳಗಿರುವ ಸಣ್ಣ ಸಾಲು ಕಾಣುವುದಿಲ್ಲ. ಹಿನ್ನೆಲೆಯನ್ನು ಹಳದಿ ಮಾಡಿ ಅಕ್ಷರ ಕಪ್ಪು ಮಾಡಿದರೆ ಲೆಕ್ಕ 19 ದಾಟುತ್ತದೆ. ಫೋಟೋ ಮೇಲೆ ಬರೆಯುವವರು ಸರಾಸರಿ ನೋಡಬಾರದು. ಅಕ್ಷರ ಅತ್ಯಂತ ಮಂಕಾಗಿರುವ ಜಾಗದಲ್ಲಿ ಅಳೆಯಬೇಕು. ಜಾಹೀರಾತನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪಾಗಿಸಿ ನೋಡಿದರೂ ದೋಷ ಬಹಳಮಟ್ಟಿಗೆ ತಿಳಿಯುತ್ತದೆ.

ಆದರೆ ಕಾಂಟ್ರಾಸ್ಟ್‌ನ ಈ ಅಂಕಿ ಗೀಟಿನ ದಪ್ಪವನ್ನು ನೋಡುವುದಿಲ್ಲ. ಕನ್ನಡಕ್ಕೆ ಇದು ದೊಡ್ಡ ಕೊರತೆ. ‘ದ’ ಮತ್ತು ‘ಧ’ ನಡುವೆ ಇರುವುದು ಒಂದು ಪುಟ್ಟ ಸೀಳು. ಒತ್ತಕ್ಷರವಂತೂ ಮೂಲ ಅಕ್ಷರಕ್ಕಿಂತ ಬಹಳ ಚಿಕ್ಕದು. ಇಂಗ್ಲಿಷಿಗೆ ಹೊಂದಿಸಿದ ಗಾತ್ರವನ್ನೇ ಕನ್ನಡಕ್ಕೂ ಇಟ್ಟರೆ ಮೊದಲು ಮಾಯವಾಗುವುದು ಇವೇ. ನನ್ನ ಪ್ರಕಾರ ವಿನ್ಯಾಸಕರು ಇಡೀ ಪದ ನೋಡದೆ ಒತ್ತಕ್ಷರ ಓದಲಾಗುತ್ತದೆಯೇ ಎಂದು ನೋಡಿ ಗಾತ್ರ ನಿರ್ಧರಿಸಬೇಕು.

ಮಾತಿನ ಸರಳತೆಯೂ ಕಣ್ಣಿನ ವಿಷಯವೇ. ಭೂತಗನ್ನಡಿಯಲ್ಲಿ ಓದುವವರಿಗೆ ಒಮ್ಮೆಗೆ ಕಾಣುವುದು ಕೆಲವೇ ಅಕ್ಷರ. ‘ಆಯ್ದ ಉತ್ಪನ್ನಗಳಿಗೆ ಅನ್ವಯವಾಗುವಂತೆ ನಿಗದಿತ ಷರತ್ತುಗಳಿಗೊಳಪಟ್ಟು’ ಎಂದು ಸಾಲು ಹೊರಟರೆ ತುದಿ ಮುಟ್ಟುವಷ್ಟರಲ್ಲಿ ಆರಂಭ ಮರೆತಿರುತ್ತದೆ. ‘ರೇಷ್ಮೆ ಸೀರೆಗೆ ರಿಯಾಯಿತಿ ಇಲ್ಲ’ ಎಂದು ಬರೆದರೆ ಬೇಕಾದದ್ದು ಮೊದಲ ನೋಟಕ್ಕೇ ಸಿಗುತ್ತದೆ.