ಚಳಿಗೆ ಮುಷ್ಕರ ಹೂಡುವ ಬ್ಯಾಟರಿ

2024ರ ಜನವರಿಯಲ್ಲಿ ಅಮೆರಿಕದ ಶಿಕಾಗೊ ನಗರದ ಚಾರ್ಜಿಂಗ್ ಕೇಂದ್ರಗಳ ಮುಂದೆ ಎಲೆಕ್ಟ್ರಿಕ್ ಕಾರುಗಳು ಸಾಲುಗಟ್ಟಿ ನಿಂತವು. ಕೆಲವನ್ನು ಎಳೆದೊಯ್ಯಬೇಕಾಯಿತು. ಉಷ್ಣತೆ ಸೊನ್ನೆಗಿಂತ ಬಹಳ ಕೆಳಗಿತ್ತು.

ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ದ್ರಾವಣವನ್ನು ದಾಟಿ ಗ್ರಾಫೈಟ್ ಪದರಗಳ ನಡುವೆ ಸೇರಿಕೊಳ್ಳಬೇಕು. ಕೊರೆಯುವ ಚಳಿಯಲ್ಲಿ ಈ ಪ್ರವೇಶ ತೀರಾ ನಿಧಾನ. ಆಗಲೂ ಜೋರಾಗಿ ವಿದ್ಯುತ್ ತುಂಬಿದರೆ ಅಯಾನುಗಳು ಒಳಗೆ ಹೋಗಲಾಗದೆ ಗ್ರಾಫೈಟಿನ ಮೇಲೆಯೇ ಲೋಹವಾಗಿ ಕೂರುತ್ತವೆ. ಅದರಲ್ಲಿ ಒಂದಷ್ಟು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಕುಗ್ಗುತ್ತದೆ. ಮುಳ್ಳಿನಂತೆ ಬೆಳೆದರೆ ಒಳಗೇ ಶಾರ್ಟ್ ಆಗುವ ಅಪಾಯವೂ ಉಂಟು. ಹಾಗಾಗಿಯೇ ಕಾರಿನ ನಿಯಂತ್ರಣ ವ್ಯವಸ್ಥೆ ಚಾರ್ಜಿಂಗನ್ನು ತಡೆದು, ಬಂದ ವಿದ್ಯುತ್ತಿನಿಂದ ಮೊದಲು ಬ್ಯಾಟರಿಯನ್ನು ಬೆಚ್ಚಗಾಗಿಸುತ್ತದೆ. ಚಾರ್ಜರ್ ಕೆಟ್ಟಿದೆ ಎಂದು ಮಾಲೀಕರು ಬೈದುಕೊಳ್ಳುವುದು ಈ ಹೊತ್ತಿನಲ್ಲೇ!

ಶೇಕಡಾ ಲೆಕ್ಕದ ಕಥೆ ಬೇರೆ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ನೇರವಾಗಿ ಅಳೆಯುವ ಉಪಕರಣ ಫೋನಿನಲ್ಲಿಲ್ಲ. ಹರಿದ ವಿದ್ಯುತ್ತಿನ ಲೆಕ್ಕ, ವೋಲ್ಟೇಜು, ಉಷ್ಣತೆ ಇವುಗಳಿಂದ ಅದು ಅಂದಾಜು ಕಟ್ಟುತ್ತದೆ. ಚಳಿಯಲ್ಲಿ ಬ್ಯಾಟರಿಯ ಒಳರೋಧ ಏರುತ್ತದೆ. ಲಡಾಖಿನ ಹಿಮದಲ್ಲಿ 30% ತೋರಿಸುತ್ತಿರುವ ಫೋನಿನ ಕ್ಯಾಮೆರಾ ತೆರೆದ ಕೂಡಲೇ ವೋಲ್ಟೇಜು ಕುಸಿದು ಫೋನ್ ಆರಿಹೋಗಬಹುದು. ಜೇಬಿನಲ್ಲಿಟ್ಟು ಬೆಚ್ಚಗಾದ ಮೇಲೆ ಆನ್ ಮಾಡಿದರೆ ಚಾರ್ಜರ್ ಮುಟ್ಟದೆಯೂ 25% ಕಾಣಿಸೀತು. ಶಕ್ತಿ ಒಳಗೇ ಇತ್ತು, ಹೊರಗೆ ಬರಲಾಗಲಿಲ್ಲ ಅಷ್ಟೆ.

ಹಿಮದ ನಾಡಿಗೆ ಹೋದವರು ಫೋನನ್ನು ಒಳಜೇಬಿನಲ್ಲಿಡಿ. ತಣ್ಣಗಾದ ಫೋನನ್ನು ಕೋಣೆಯಲ್ಲಿ ಬೆಚ್ಚಗಾಗಲು ಬಿಟ್ಟು ಆಮೇಲೆ ಚಾರ್ಜಿಗೆ ಹಾಕಿ.