ನಾಲ್ಕು ಪಟ್ಟಿ, ಒಂದು ಕೋನ

ಕಾರಿನ ವೈಪರ್ ಮೋಟರ್ ಒಂದೇ ದಿಕ್ಕಿನಲ್ಲಿ ಸುತ್ತುತ್ತಿರುತ್ತದೆ. ಗಾಜಿನ ಮೇಲಿನ ಕಡ್ಡಿ ಮಾತ್ರ ಅತ್ತಿಂದಿತ್ತ ಓಲಾಡುತ್ತದೆ. ಸುತ್ತನ್ನು ಓಲಾಟವಾಗಿಸುವುದು ನಾಲ್ಕು ಪಟ್ಟಿಗಳ ಜೋಡಣೆ: ಕದಲದ ಚೌಕಟ್ಟು, ಪೂರ್ತಿ ಸುತ್ತುವ ಕ್ರ್ಯಾಂಕ್, ಓಲಾಡುವ ರಾಕರ್, ಇವೆರಡನ್ನೂ ಕೂಡಿಸುವ ಕಪ್ಲರ್.

ಚೌಕಟ್ಟು 100, ಕ್ರ್ಯಾಂಕ್ 40, ಕಪ್ಲರ್ 120, ರಾಕರ್ 80 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಇಲ್ಲಿ ಉದ್ದವೆಂದರೆ ಪಟ್ಟಿಯ ತುದಿಯಿಂದ ತುದಿಗಲ್ಲ, ತೂತಿನ ನಡುವಿನಿಂದ ತೂತಿನ ನಡುವಿಗೆ. ಕ್ರ್ಯಾಂಕ್ ಪೂರ್ತಿ ಸುತ್ತೀತೇ? ಜರ್ಮನಿಯ ಎಂಜಿನಿಯರ್ ಫ್ರಾಂಜ್ ಗ್ರಾಸ್‌ಹಾಫ್ 1883ರಲ್ಲಿ ಕೊಟ್ಟ ನಿಯಮ ಇದಕ್ಕೆ ಉತ್ತರಿಸುತ್ತದೆ. ಅತಿ ಗಿಡ್ಡ ಮತ್ತು ಅತಿ ಉದ್ದದ ಪಟ್ಟಿಗಳ ಮೊತ್ತ ಉಳಿದೆರಡರ ಮೊತ್ತವನ್ನು ಮೀರಬಾರದು. ನಮ್ಮಲ್ಲಿ 160 ಮತ್ತು 180. ಸುತ್ತುತ್ತದೆ.

ಇದನ್ನು ಜಿಯೋಜಿಬ್ರಾದಂಥ ಉಚಿತ ತಂತ್ರಾಂಶದಲ್ಲಿ ಕಣ್ಣಾರೆ ನೋಡಬಹುದು. A ಮತ್ತು D ಎಂಬ ಸ್ಥಿರ ಬಿಂದುಗಳನ್ನು 100 ದೂರದಲ್ಲಿಡಿ. Aಯ ಸುತ್ತ 40ರ ವೃತ್ತ ಎಳೆದು ಅದರ ಮೇಲೆ B ಇಡಿ. Bಯಿಂದ 120ರ, Dಯಿಂದ 80ರ ವೃತ್ತ ಎಳೆದರೆ ಅವು ಕೂಡುವ ಜಾಗವೇ C, ಅಂದರೆ ಕಪ್ಲರ್ ಮತ್ತು ರಾಕರ್ ಸೇರುವ ಕೀಲು. ಈಗ Bಯನ್ನು ಸುತ್ತಿಸಿ. C ಎಲ್ಲಾದರೂ ಮಾಯವಾದರೆ ಅಲ್ಲಿ ನಿಜವಾದ ಪಟ್ಟಿಗಳೂ ತಡೆದು ನಿಲ್ಲುತ್ತವೆ. ವೃತ್ತಗಳು ಎರಡು ಕಡೆ ಕೂಡುವುದರಿಂದ C ಥಟ್ಟನೆ ಇನ್ನೊಂದು ಬದಿಗೆ ಹಾರಿದರೆ ಅದು ಲೆಕ್ಕದ ದೋಷ. ಕೀಲು ಹಾಗೆ ಹಾರುವುದಿಲ್ಲ.

ನಮ್ಮ C ಮಾಯವಾಗುವುದಿಲ್ಲ. ರಾಕರ್ ಚೌಕಟ್ಟಿನೊಡನೆ 51ರಿಂದ 125 ಡಿಗ್ರಿಯವರೆಗೆ, ಒಟ್ಟು 74 ಡಿಗ್ರಿ ಓಲಾಡುತ್ತದೆ. ಇಷ್ಟು ಕಂಡು ತೃಪ್ತರಾಗಿ ತೂತು ಕೊರೆಯುವವರೇ ಹೆಚ್ಚು. ನೋಡಬೇಕಾದದ್ದು ಇನ್ನೂ ಒಂದಿದೆ: ಕಪ್ಲರಿಗೂ ರಾಕರಿಗೂ ನಡುವಿನ ಕೋನ. ಕ್ರ್ಯಾಂಕ್ D ಕಡೆಗೆ ಮುಖಮಾಡಿ ಚೌಕಟ್ಟಿನ ಮೇಲೆ ಬಂದಾಗ ಈ ಕೋನ ಬರೀ 26 ಡಿಗ್ರಿಗೆ ಇಳಿಯುತ್ತದೆ. ಆಗ ಕಪ್ಲರ್ ತಳ್ಳಿದ ಬಲದಲ್ಲಿ ಅರ್ಧಕ್ಕಿಂತ ಕಡಿಮೆ ಭಾಗ ರಾಕರನ್ನು ತಿರುಗಿಸುತ್ತದೆ. ಹೆಚ್ಚಿನದು ರಾಕರಿನ ಉದ್ದಕ್ಕೆ ಸಾಗಿ ಪಿನ್ನನ್ನು ಒತ್ತುತ್ತದೆ. ಪರದೆಯ ಮೇಲೆ ಸಲೀಸಾಗಿ ಓಡಿದ ಜೋಡಣೆ ಕೈಯಲ್ಲಿ ಬಿಗಿಯುವುದು ಇಂಥ ಕಡೆ. ಸಾಮಾನ್ಯವಾಗಿ ಈ ಕೋನ 40 ಡಿಗ್ರಿಗಿಂತ ಇಳಿಯದಂತೆ ನೋಡಿಕೊಳ್ಳುತ್ತಾರೆ.

ಪರಿಹಾರ ಸುಲಭ. ಚೌಕಟ್ಟು ಮತ್ತು ಕಪ್ಲರಿನ ಅಳತೆಗಳನ್ನು ಅದಲುಬದಲು ಮಾಡಿ: ಚೌಕಟ್ಟು 120, ಕಪ್ಲರ್ 100. ಗ್ರಾಸ್‌ಹಾಫ್ ಮೊತ್ತಗಳು ಹಾಗೇ ಉಳಿಯುತ್ತವೆ. ಓಲಾಟ 60 ಡಿಗ್ರಿಗೆ ತಗ್ಗುತ್ತದೆ, ಆದರೆ ಕನಿಷ್ಠ ಕೋನ 51 ಡಿಗ್ರಿಗೆ ಏರುತ್ತದೆ. 14 ಡಿಗ್ರಿ ಬಿಟ್ಟುಕೊಟ್ಟು ಇಷ್ಟು ಪಡೆಯುವುದು ಒಳ್ಳೆಯ ವ್ಯಾಪಾರವೆಂದೇ ನನ್ನ ಅಭಿಪ್ರಾಯ.

ಈ ಅಧ್ಯಯನಕ್ಕೆ ಪಟ್ಟಿಯ ದಪ್ಪ, ಘರ್ಷಣೆ, ಸಡಿಲ ತೂತು ಯಾವುದೂ ಕಾಣುವುದಿಲ್ಲ. ಆದ್ದರಿಂದ ಮರ ಅಥವಾ ಲೋಹಕ್ಕೆ ಕೈಹಾಕುವ ಮುನ್ನ ದಪ್ಪ ರಟ್ಟಿನಲ್ಲಿ ಒಮ್ಮೆ ಜೋಡಿಸಿ, ಪೂರ್ತಿ ಒಂದು ಸುತ್ತು ನಿಧಾನವಾಗಿ ತಿರುಗಿಸಿ, ಪಟ್ಟಿ ಪಿನ್ನಿಗೆ ಎಲ್ಲಿಯೂ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ.